ಟೋಟಲ್ ಸರಿ ಇತ್ತು, ಸಾಲುಗಳು ತಪ್ಪಿದ್ದವು

ಇಲ್ಲಿ ಪುಣೆಯಲ್ಲಿ ನಮ್ಮ ಡೇಟಾ ಟೀಮಿಗೆ ಹೊಸಬರು ಸೇರಿದಾಗ ಮೊದಲ ವಾರದಲ್ಲೇ ಒಂದು ಗಂಟೆ ಅವರ ಜೊತೆ ಕೂತು ಒಂದು ಕೆಲಸ ಹೇಳಿಕೊಡ್ತೀನಿ. ಡ್ಯಾಶ್‌ಬೋರ್ಡ್ ಪಬ್ಲಿಶ್ ಮಾಡೋ ಮೊದಲು ಅದರಲ್ಲಿರೋ ಸಂಖ್ಯೆಯನ್ನು ಮೂಲ ಡೇಟಾಬೇಸ್ ಜೊತೆ ತಾಳೆ ನೋಡೋದು ಹೇಗೆ ಅಂತ. ಇವತ್ತು ಅದನ್ನೇ ಕನ್ನಡದಲ್ಲಿ ಹೇಳ್ತೀನಿ. ಉದಾಹರಣೆ ನಾನೇ ಮಾಡಿದ ತಪ್ಪಿನದು.

ಆಗ ನಾನಿದ್ದದ್ದು ಊಟ ಡೆಲಿವರಿ ಮಾಡೋ ಒಂದು ಕಂಪನಿಯಲ್ಲಿ. ನಾನು ಕಟ್ಟಿದ ಡ್ಯಾಶ್‌ಬೋರ್ಡಿನಲ್ಲಿ ದಿನದ ಮಾರಾಟ, ಆರ್ಡರ್ ಸಂಖ್ಯೆ, ಪ್ರತಿ ಡೆಲಿವರಿ ಹುಡುಗನ ಟ್ರಿಪ್ಪುಗಳು ಎಲ್ಲ ಇದ್ದವು. ಪಬ್ಲಿಶ್ ಮಾಡೋ ಮೊದಲು ನಾನೂ ತಾಳೆ ನೋಡಿದ್ದೆ. 2024ರ ಜುಲೈ 14, ಭಾನುವಾರ, ಒಂದು ನಗರದ ಲೆಕ್ಕ ತಗೊಂಡೆ. ಮೂಲದಲ್ಲಿ ₹8,68,000. ಡ್ಯಾಶ್‌ಬೋರ್ಡಿನಲ್ಲಿ ₹8,71,500. ವ್ಯತ್ಯಾಸ ₹3,500, ಅಂದ್ರೆ ನೂರಕ್ಕೆ ಅರ್ಧ ರೂಪಾಯಿಯೂ ಇಲ್ಲ. ಯಾವುದೋ ಕ್ಯಾನ್ಸಲ್ ಆದ ಆರ್ಡರ್ ಇರಬೇಕು ಅಂದುಕೊಂಡು ಪಬ್ಲಿಶ್ ಮಾಡಿಬಿಟ್ಟೆ.

ಎರಡು ವಾರ ಕಳೆದ ಮೇಲೆ ಆಪರೇಶನ್ಸ್‌ನವರು ಒಬ್ಬ ಡೆಲಿವರಿ ಹುಡುಗನನ್ನು ಕರ್ಕೊಂಡು ಬಂದರು. ದಿನಕ್ಕೆ 20 ಆರ್ಡರ್ ದಾಟಿದರೆ ಇನ್ಸೆಂಟಿವ್ ಇತ್ತು. ಅದೇ ಭಾನುವಾರ ತಾನು 22 ಆರ್ಡರ್ ಮುಟ್ಟಿಸಿದ್ದೀನಿ ಅಂತ ಅವನ ಮಾತು. ನಮ್ಮ ಡ್ಯಾಶ್‌ಬೋರ್ಡ್ 17 ಅನ್ನುತ್ತಿತ್ತು. ಅವನ ಫೋನಿನಲ್ಲಿ 22 ಆರ್ಡರಿನ ಸ್ಕ್ರೀನ್‌ಶಾಟೂ ಇತ್ತು, ಐಡಿ, ಸಮಯ ಸಮೇತ.

ಆ 22 ಐಡಿಗಳನ್ನು ಶೀಟಿನಲ್ಲಿ ಹಾಕಿ, ಪಕ್ಕದಲ್ಲಿ ಡ್ಯಾಶ್‌ಬೋರ್ಡಿನ 17 ಸಾಲುಗಳನ್ನು ಹಾಕಿದೆ. ಐದು ಕಮ್ಮಿ ಅಂದುಕೊಂಡಿದ್ದೆ, ಆದರೆ ಆರು ಕಮ್ಮಿ ಇದ್ದವು. ಯಾಕಂದ್ರೆ ಒಂದು ಆರ್ಡರ್ ಎರಡು ಸಲ ಬಂದಿತ್ತು. ಪಕ್ಕದ ಸೀಟಿನಲ್ಲಿದ್ದ ನಮ್ಮ ಸೀನಿಯರ್ ಧಾರವಾಡದವರು. ಶೀಟ್ ನೋಡಿ, ‘ನೀ ಟೋಟಲ್ ನೋಡೀದಿ, ಸಾಲು ನೋಡಿಲ್ಲಪಾ’ ಅಂದರು.

ಕಾಣೆಯಾದ ಆರೂ ಆರ್ಡರುಗಳು ಭಾನುವಾರ ಬೆಳಗಿನ ಜಾವ, ಹನ್ನೆರಡರಿಂದ ಎರಡು ಗಂಟೆ ಒಳಗಿನವು. ಅಷ್ಟು ನೋಡಿದ ಮೇಲೆ ಕಾರಣ ಹುಡುಕೋದು ಕಷ್ಟ ಆಗಲಿಲ್ಲ. ನಮ್ಮ ಡೇಟಾಬೇಸಿನಲ್ಲಿ ಸಮಯ ಯುಟಿಸಿಯಲ್ಲಿ ಸೇವ್ ಆಗ್ತಿತ್ತು. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಭಾನುವಾರ ರಾತ್ರಿ ಒಂದು ಗಂಟೆಗೆ ಬಂದ ಆರ್ಡರ್ ಅಲ್ಲಿ ಶನಿವಾರ ಸಂಜೆ ಏಳೂವರೆ ಅಂತ ಇರುತ್ತೆ. ನನ್ನ ಕ್ವೆರಿ ಹೀಗಿತ್ತು:

```sql
SELECT SUM(o.amount)
FROM orders o
JOIN payments p ON p.order_id = o.order_id
WHERE DATE(o.created_at) = '2024-07-14'
```

ಇದರಲ್ಲಿ ಬರೋ ‘ಭಾನುವಾರ’ ನಮ್ಮ ಭಾನುವಾರ ಅಲ್ಲ. ಭಾನುವಾರ ಬೆಳಿಗ್ಗೆ ಐದೂವರೆಯಿಂದ ಸೋಮವಾರ ಬೆಳಿಗ್ಗೆ ಐದೂವರೆವರೆಗಿನ ದಿನ ಅದು. ಸರಿಯಾದ ಕಿಟಕಿ ಇದು:

```sql
WHERE o.created_at >= '2024-07-13 18:30:00'
  AND o.created_at <  '2024-07-14 18:30:00'
```

ಕೊನೆ ತುದಿಯಲ್ಲಿ `<` ಮಾತ್ರ ಹಾಕಿ. `BETWEEN` ಹಾಕಿದರೆ ಎರಡೂ ತುದಿ ಒಳಗೆ ಸೇರುತ್ತವೆ, ಸರಿಯಾಗಿ ಮಧ್ಯರಾತ್ರಿಗೆ ಬಿದ್ದ ಆರ್ಡರ್ ಎರಡೂ ದಿನದಲ್ಲಿ ಎಣಿಕೆ ಆಗುತ್ತೆ.

ಇನ್ನು ಆ ಎರಡು ಸಲ ಬಂದ ಆರ್ಡರ್. ಗಿರಾಕಿ ಮೊದಲು ಯುಪಿಐನಲ್ಲಿ ಹಣ ಕಟ್ಟೋಕೆ ಹೋಗಿ ಫೇಲ್ ಆಗಿ, ಆಮೇಲೆ ಕಾರ್ಡ್ ಹಾಕಿದ್ದ. `payments` ಟೇಬಲ್ಲಿನಲ್ಲಿ ಒಂದೇ ಆರ್ಡರಿಗೆ ಎರಡು ಸಾಲು. ಜಾಯಿನ್ ಮಾಡಿದಾಗ `orders`ನ ಒಂದು ಸಾಲು ಎರಡಾಗಿ, ಅದರ ಮೊತ್ತವೂ ಎರಡು ಸಲ ಕೂಡಿತು. ಆ ಜಾಯಿನ್ ಯಾಕೆ ಹಾಕಿದ್ದೆ ಅಂದ್ರೆ, ಯಾರೋ ಪೇಮೆಂಟ್ ವಿಧಾನದ ಫಿಲ್ಟರ್ ಬೇಕು ಅಂದಿದ್ದರು. ಫೇಲ್ ಆದ ಸಾಲುಗಳನ್ನು ತೆಗೆದರೆ ಸಾಕು ಅಂತ ಹೊಸಬರು ಸಾಮಾನ್ಯವಾಗಿ ಹೇಳ್ತಾರೆ. ಸಾಲದು. ಅರ್ಧ ವಾಲೆಟ್ಟಿನಿಂದ, ಅರ್ಧ ಯುಪಿಐನಿಂದ ಕಟ್ಟಿದವರಿಗೆ ಎರಡು ಸಾಲೂ ಪಾಸಾಗಿರುತ್ತವೆ. ಮೊದಲು `payments` ಅನ್ನು ಆರ್ಡರಿಗೆ ಒಂದೇ ಸಾಲು ಬರೋ ಹಾಗೆ `GROUP BY` ಮಾಡಿ, ಆಮೇಲೆ ಜಾಯಿನ್ ಮಾಡಬೇಕು.

ಈಗ ಆ ದಿನದ ಇಡೀ ನಗರದ ಲೆಕ್ಕಕ್ಕೆ ಬರೋಣ. ಭಾನುವಾರ ಬೆಳಗಿನ ಜಾವದ 60 ಆರ್ಡರ್, ₹42,000, ಲೆಕ್ಕದಿಂದ ಹೊರಗೆ ಹೋಗಿತ್ತು. ಶನಿವಾರ ರಾತ್ರಿ ಎಲ್ಲರೂ ತಡವಾಗಿ ತಿಂತಾರಲ್ಲ, ಅದಕ್ಕೇ ಅಷ್ಟು. ಬದಲಿಗೆ ಸೋಮವಾರ ಬೆಳಗಿನ ಜಾವದ 38 ಆರ್ಡರ್, ₹26,600, ಒಳಗೆ ಬಂದಿತ್ತು. ಅಲ್ಲಿಗೆ ₹15,400 ಕಮ್ಮಿ. ಇತ್ತ 27 ಆರ್ಡರುಗಳು ಎರಡೆರಡು ಸಲ ಎಣಿಕೆಯಾಗಿ ₹18,900 ಹೆಚ್ಚು. ಕಳೆದು ಕೂಡಿದರೆ ಉಳಿಯೋದು ಬರೀ ₹3,500. ನಾನು ‘ಸಣ್ಣದು’ ಅಂತ ಬಿಟ್ಟ ವ್ಯತ್ಯಾಸದ ಹಿಂದೆ 125 ಆರ್ಡರಿನ ತಪ್ಪು ಇತ್ತು. ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡಿದ್ದವು.

ಅದಕ್ಕೇ ಈಗ ನಾನು ಹೊಸಬರಿಗೆ ಒಂದು ಮೊತ್ತ ನೋಡಿ ಎದ್ದು ಹೋಗೋಕೆ ಬಿಡಲ್ಲ. ಒಂದೇ ದಿನಕ್ಕೆ ಮೂರು ಸಂಖ್ಯೆ ಬೇಕು:

```sql
SELECT COUNT(*), COUNT(DISTINCT order_id), SUM(amount)
```

ಮೂಲದಲ್ಲಿ ಆ ದಿನ 1,240, 1,240, ₹8,68,000. ಡ್ಯಾಶ್‌ಬೋರ್ಡಿನ ಸಾಲುಗಳಲ್ಲಿ 1,245, 1,218, ₹8,71,500. ಮೊದಲ ಎರಡು ಸಂಖ್ಯೆ ಬೇರೆ ಬೇರೆ ಬಂದರೆ ಸಾಲು ದ್ವಿಗುಣ ಆಗಿದೆ ಅಂತ ಆಗಲೇ ಗೊತ್ತಾಗುತ್ತೆ. ಎರಡನೆಯದು ಮೂಲಕ್ಕೆ ಹೊಂದದಿದ್ದರೆ ಯಾವುದೋ ಆರ್ಡರ್ ಬಿಟ್ಟಿದೆ ಅಥವಾ ಬೇರೆಯದು ಸೇರಿದೆ.

ಅದು ಹೊಂದಿದರೂ ಸುಮ್ಮನಾಗಬೇಡಿ, 60 ಹೋಗಿ 60 ಬಂದಿರಬಹುದು. ಎರಡೂ ಕಡೆಯ ಐಡಿಗಳನ್ನು ತೆಗೆದು `EXCEPT` ಹಾಕಿ, ಮೊದಲು ಮೂಲದಿಂದ ಡ್ಯಾಶ್‌ಬೋರ್ಡಿಗೆ, ಆಮೇಲೆ ಉಲ್ಟಾ. ಒಂದೇ ದಿಕ್ಕಿನಲ್ಲಿ ನೋಡಿದರೆ ಹೊರಗೆ ಹೋದದ್ದು ಕಾಣುತ್ತೆ, ಒಳಗೆ ನುಗ್ಗಿದ್ದು ಕಾಣಲ್ಲ. ಸಿಕ್ಕ ಸಾಲುಗಳನ್ನು ಸಮಯದ ಪ್ರಕಾರ ಸಾರ್ಟ್ ಮಾಡಿ. ಎಲ್ಲವೂ ಹನ್ನೆರಡರಿಂದ ಐದೂವರೆ ಒಳಗೆ ಗುಂಪಾಗಿದ್ದರೆ ಯಾವ ತಪ್ಪು ಅಂತ ನಾನು ಹೇಳಬೇಕಾಗಿಲ್ಲ.

ತಿಂಗಳ ಟೋಟಲ್ ತಾಳೆ ನೋಡಿದ್ದೀನಿ ಅಂತಲೂ ಕೆಲವರು ಬರ್ತಾರೆ. ಸಮಯದ ತಪ್ಪಿಗೆ ತಿಂಗಳು ಉಪಯೋಗ ಇಲ್ಲ. ಇವತ್ತು ಬಿಟ್ಟದ್ದು ನಿನ್ನೆಗೆ ಸೇರಿರುತ್ತೆ, ತಿಂಗಳ ಎರಡು ತುದಿಯಲ್ಲಿ ಮಾತ್ರ ಸ್ವಲ್ಪ ಏರುಪೇರು. ಜಾಯಿನ್ ತಪ್ಪು ಹಾಗಲ್ಲ, ಅದು ದಿನಾ ಹೆಚ್ಚು ಕಡೆಗೇ ಬೆಳೆಯುತ್ತೆ.

ಇನ್ನೊಂದು ವಿಷಯ: ನಿನ್ನೆಯ ದಿನ ಆರಿಸಬೇಡಿ. ರಿಫಂಡ್, ಕ್ಯಾನ್ಸಲ್ ಇನ್ನೂ ಬರ್ತಾ ಇರುತ್ತೆ, ಡ್ಯಾಶ್‌ಬೋರ್ಡಿನ ಡೇಟಾ ರಾತ್ರಿಯದ್ದು, ಮೂಲ ಈಗಿನದು. ನಾನು ಒಂದು ವಾರ ಹಳೆಯ ಭಾನುವಾರ ತಗೊಳ್ತೀನಿ. ಆಗಲೂ ವ್ಯತ್ಯಾಸ ಬಂದರೆ, ಎಷ್ಟೇ ಚಿಕ್ಕದಿರಲಿ, ಅದು ಯಾವ ಐಡಿಗಳದ್ದು ಅಂತ ತೋರಿಸಿದ ಮೇಲೆ ಪಬ್ಲಿಶ್.

ಕ್ವೆರಿ ಸರಿ ಮಾಡಿ ಹಿಂದಿನ ಮೂರು ತಿಂಗಳ ಇನ್ಸೆಂಟಿವ್ ಲೆಕ್ಕ ಮತ್ತೆ ಹಾಕಿದ್ವಿ. ಆ ಹುಡುಗನಿಗೆ ಮಾತ್ರ ಅಲ್ಲ, ರಾತ್ರಿ ಪಾಳಿಯ ಇನ್ನೂ ಕೆಲವರಿಗೆ ಬಾಕಿ ಬಂತು. ಕೆಲವರಿಗೆ ಹೆಚ್ಚಾಗಿ ಹೋಗಿತ್ತು, ಅದನ್ನು ಕಂಪನಿಯವರು ವಾಪಸ್ ಕೇಳಲಿಲ್ಲ.