ಸಿಗಡಿ ಪ್ಯಾಕೆಟ್‌ನಲ್ಲಿ ಎರಡು ಥರ ನೀರು: ಒಂದು ಕಣ್ಣಿಗೆ ಕಾಣುತ್ತೆ, ಇನ್ನೊಂದು ಕಾಣಲ್ಲ

ಇವತ್ತಿನ ಸಂಚಿಕೆ ಶುರುವಾಗೋದು ನನ್ನ ಬಾಡಿಗೆ ಮನೆಯ ಅಡುಗೆಮನೆಯಿಂದ. ಒಂದು ಭಾನುವಾರ ಫ್ರೆಂಡ್ಸ್‌ನ ಊಟಕ್ಕೆ ಕರೆದಿದ್ದೆ, ಸಿಗಡಿ ಘೀ ರೋಸ್ಟ್ ಮಾಡ್ತೀನಿ ಅಂತ. ತುಪ್ಪದಲ್ಲಿ ಮಸಾಲೆ ಚೆನ್ನಾಗಿ ಹುರಿದು ಫ್ರೋಜನ್ ಸಿಗಡಿ ಹಾಕಿದೆ. ಎರಡೇ ನಿಮಿಷ, ಬಾಣಲೆ ತುಂಬ ಬಿಳಿ ನೊರೆ ನೀರು. ರೋಸ್ಟ್ ಹೋಗಿ ಸಾರು ಆಯ್ತು. ನೀರು ಇಂಗಿಸಿದ ಮೇಲೆ ನೋಡಿದ್ರೆ, ಐದು ಜನಕ್ಕೆ ಅಂತ ತಂದ ಸಿಗಡಿ ಮೂರು ಜನಕ್ಕೂ ಸಾಲದು.

ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ನೀನು ದುಡ್ಡು ಕೊಟ್ಟಿದ್ದು ಸಿಗಡಿಗಾ, ನೀರಿಗಾ?"

ಓದಿದ್ದು ಬಿಕಾಂ, ಹಾಗಾಗಿ ಈ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರ ಹುಡುಕೋಣ ಅಂತ ಕೂತೆ. ಬೇರೆ ಬೇರೆ ಬ್ರ್ಯಾಂಡ್‌ನ ಎರಡು ಪ್ಯಾಕೆಟ್ ತಂದೆ. ಎರಡರ ಮೇಲೂ ನೆಟ್ ವೇಟ್ 500 ಗ್ರಾಂ. ಮೊದಲನೆಯದು 450 ರೂಪಾಯಿ, ಪ್ರತಿ ಸಿಗಡಿ ಮೇಲೂ ದಪ್ಪ ಐಸ್. ಎರಡನೆಯದು 390 ರೂಪಾಯಿ, ಐಸ್ ತೆಳ್ಳಗೆ, ನೋಡೋಕೆ ನೀಟು. ಮೋಸ ಇದ್ರೆ ಮೊದಲನೆಯದ್ರಲ್ಲೇ ಇರೋದು ಅಂತ ನಾನು ಆಗಲೇ ತೀರ್ಮಾನ ಮಾಡಿದ್ದೆ.

ಆ ಐಸ್ ಯಾಕಿರುತ್ತೆ ಅಂತ ಮೊದಲು ಹೇಳ್ತೀನಿ. ಬಿಡಿಬಿಡಿಯಾಗಿ ಫ್ರೀಜ್ ಮಾಡಿದ ಸಿಗಡಿಯನ್ನ ತಣ್ಣೀರಲ್ಲಿ ಅದ್ದುತ್ತಾರೆ, ಇಲ್ಲಾಂದ್ರೆ ಮೇಲೆ ನೀರು ಸಿಂಪಡಿಸ್ತಾರೆ. ಆ ನೀರು ತಕ್ಷಣ ಹೆಪ್ಪುಗಟ್ಟಿ ತೆಳು ಕೋಟ್ ಆಗುತ್ತೆ. ಇದಕ್ಕೆ ಗ್ಲೇಜ್ ಅಂತಾರೆ. ಈ ಕೋಟ್ ಇಲ್ಲದಿದ್ರೆ ಫ್ರೀಜರ್‌ನ ಒಣಗಾಳಿಗೆ ಸಿಗಡಿ ಒಣಗಿ, ನಾರುನಾರಾಗಿ, ವಾಸನೆ ಬರುತ್ತೆ. ಹಾಗಾಗಿ ಗ್ಲೇಜ್ ಇರೋದೇ ತಪ್ಪಲ್ಲ. ಅದನ್ನ ಸಿಗಡಿ ತೂಕಕ್ಕೆ ಸೇರಿಸಿ ಮಾರೋದು ತಪ್ಪು. ಫ್ರೋಜನ್ ಸಿಗಡಿಗೆ ಇರುವ ಅಂತಾರಾಷ್ಟ್ರೀಯ ಕೋಡೆಕ್ಸ್ ಮಾನದಂಡ ಸ್ಪಷ್ಟವಾಗಿ ಹೇಳುತ್ತೆ: ನೆಟ್ ವೇಟ್ ಅಂದ್ರೆ ಗ್ಲೇಜ್ ಬಿಟ್ಟು ಉಳಿದ ತೂಕ.

ಅಂದ್ರೆ ಪ್ಯಾಕೆಟ್ ಒಡೆಯೋಕೆ ಮೊದಲೇ ಒಂದು ಪರೀಕ್ಷೆ ಮಾಡಬಹುದು. ಹಾಗೇ ತಕ್ಕಡಿ ಮೇಲಿಡಿ. 500 ಗ್ರಾಂ ನೆಟ್ ಅಂತ ಬರೆದಿದ್ರೆ, ಐಸ್ ಮತ್ತು ಕವರ್ ಸೇರಿ ತೂಕ ಅದಕ್ಕಿಂತ ಜಾಸ್ತಿ ಇರಲೇಬೇಕು. ಗ್ಲೇಜ್ 20 ಪರ್ಸೆಂಟ್ ಅಂದ್ರೆ ಸಾಮಾನ್ಯವಾಗಿ ಒಟ್ಟು ತೂಕದಲ್ಲಿ 20 ಪರ್ಸೆಂಟ್ ಐಸ್. ಆಗ 500 ಗ್ರಾಂ ಸಿಗಡಿ ಸಿಗಬೇಕಾದ್ರೆ ಒಟ್ಟು 625 ಗ್ರಾಂ ಇರಬೇಕು. ದಪ್ಪ ಐಸ್ ಕಾಣ್ತಿದೆ, ಪ್ಯಾಕೆಟ್ ಮಾತ್ರ ಬರೀ 510 ಗ್ರಾಂ ತೂಗ್ತಿದೆ ಅಂದ್ರೆ ಅಲ್ಲಿ ಏನೋ ಎಡವಟ್ಟಿದೆ.

ನನ್ನ ಮೊದಲ ಪ್ಯಾಕೆಟ್ ತೂಗಿದ್ದು 618 ಗ್ರಾಂ. ಎರಡನೆಯದು 540.

ಆಮೇಲೆ ಐಸ್ ತೆಗೆದೆ. ಇಲ್ಲಿ ತುಂಬಾ ಜನ ತಪ್ಪು ಮಾಡ್ತಾರೆ. ಪೂರ್ತಿ ಕರಗೋಕೆ ಬಿಟ್ಟು ತೂಗಿದ್ರೆ, ಮಾಂಸದ ಒಳಗಿನ ಸ್ವಂತ ರಸವೂ ಸೋರಿ ತೂಕ ಕಡಿಮೆ ತೋರಿಸುತ್ತೆ. ಅದು ಕಂಪನಿಗೆ ಅನ್ಯಾಯ. ಸರಿಯಾದ ರೀತಿ ಹೀಗೆ: ಫ್ರೀಜರ್‌ನಿಂದ ತೆಗೆದ ತಕ್ಷಣ ಜರಡಿಗೆ ಹಾಕಿ, ನಲ್ಲಿ ತಣ್ಣೀರನ್ನ ಸಣ್ಣಗೆ ಬಿಟ್ಟು, ಮೆಲ್ಲಗೆ ಕೈಯಾಡಿಸಿ. ಬೆರಳಿಗೆ ಐಸ್ ತಗಲೋದು ನಿಂತ ಕೂಡಲೇ ನಲ್ಲಿ ಬಂದ್ ಮಾಡಿ. ಒಳಗೆ ಸಿಗಡಿ ಇನ್ನೂ ಕಲ್ಲಿನ ಹಾಗೇ ಇರಬೇಕು. ಪೇಪರ್ ಟವೆಲ್‌ನಲ್ಲಿ ಒತ್ತಿ, ಬೇಗ ತೂಗಿ.

ದಪ್ಪ ಐಸ್‌ನ ಮೊದಲ ಪ್ಯಾಕೆಟ್: 496 ಗ್ರಾಂ. ಎರಡನೆಯದು: 490. ನಮ್ಮ ದೇಶದ ಪ್ಯಾಕೇಜ್ಡ್ ಸರಕುಗಳ ನಿಯಮದಲ್ಲಿ 500 ಗ್ರಾಂ ಪ್ಯಾಕೆಟ್‌ಗೆ 15 ಗ್ರಾಂವರೆಗಿನ ವ್ಯತ್ಯಾಸಕ್ಕೆ ಅವಕಾಶ ಇದೆ. ಹಾಗಾಗಿ ಎರಡೂ ಪಾಸ್. ನಾನು ಬೈದುಕೊಂಡಿದ್ದ ಪ್ಯಾಕೆಟ್ ಪ್ರಾಮಾಣಿಕವಾಗಿತ್ತು.

ಹಾಗಾದ್ರೆ ಭಾನುವಾರದ ಆ ನೀರು ಎಲ್ಲಿಂದ ಬಂತು? ಎರಡನ್ನೂ ಬೇರೆ ಬೇರೆಯಾಗಿ, ಅದೇ ಬಾಣಲೆ, ಅದೇ ಉರಿ, ಅಷ್ಟೇ ಹೊತ್ತು ಬೇಯಿಸಿದೆ. ನೀರು ಸೋಸಿ ತೂಗಿದೆ. ಮೊದಲನೆಯದು 360 ಗ್ರಾಂ ಉಳೀತು. ಎರಡನೆಯದು 275. ಸಿಗಡಿ ಬೇಯುವಾಗ ಕಾಲು ಭಾಗದಷ್ಟು ತೂಕ ಇಳಿಯೋದು ಸಹಜ. ಹತ್ತಿರ ಹತ್ತಿರ ಅರ್ಧಕ್ಕೆ ಇಳಿದ್ರೆ, ನೀರು ಮಾಂಸದ ಒಳಗೇ ಇತ್ತು ಅಂತ ಅನುಮಾನ ಪಡಬೇಕು.

ಆಗ ಪ್ಯಾಕೆಟ್ ಹಿಂದೆ ತಿರುಗಿಸಿ ಓದಿದೆ. ಮೊದಲನೆಯದರ ಪದಾರ್ಥಗಳ ಪಟ್ಟಿಯಲ್ಲಿ ಒಂದೇ ಪದ, ಸಿಗಡಿ. ಎರಡನೆಯದರಲ್ಲಿ ಸಿಗಡಿ, ನೀರು, ಉಪ್ಪು, ಐಎನ್‌ಎಸ್ 451. ಈ 451 ಅಂದ್ರೆ ಟ್ರೈಫಾಸ್ಫೇಟ್. ಅದರ ದ್ರಾವಣದಲ್ಲಿ ಸಿಗಡಿಯನ್ನ ನೆನೆಸಿಟ್ರೆ ಮಾಂಸದ ಪ್ರೋಟೀನ್ ನೀರನ್ನ ಹಿಡಿದಿಟ್ಟುಕೊಳ್ಳುತ್ತೆ. ಇದು ವಿಷ ಅಲ್ಲ. ಮಿತಿಯಲ್ಲಿ ಬಳಸಿದ್ರೆ ಕರಗಿಸುವಾಗ ರಸ ಸೋರದ ಹಾಗೆ ನೋಡಿಕೊಳ್ಳುತ್ತೆ. ಆದ್ರೆ ಜಾಸ್ತಿ ನೆನೆಸಿದಷ್ಟೂ ತೂಕ ಜಾಸ್ತಿ. ಹಸಿ ಇರುವಾಗಲೇ ಗಾಜಿನ ಹಾಗೆ ಹೊಳೆದು ಕೈಯಲ್ಲಿ ಜಾರುತ್ತೆ, ಬೆಂದ ಮೇಲೆ ರಬ್ಬರ್ ಥರ ಪುಟಿಯುತ್ತೆ.

ಇವತ್ತಿನ ಮುಖ್ಯ ವಿಷಯ ಇದೇ. ಹೊರಗಿನ ಐಸ್ ನೆಟ್ ವೇಟ್‌ನಿಂದ ಆಚೆ. ಒಳಗೆ ಕುಡಿಸಿದ ನೀರು ನೆಟ್ ವೇಟ್ ಒಳಗೇ. ತಕ್ಕಡಿ ಮೊದಲನೆಯದನ್ನ ಹಿಡಿಯುತ್ತೆ, ಎರಡನೆಯದನ್ನ ಹಿಡಿಯಲ್ಲ. ಅದಕ್ಕೆ ಪದಾರ್ಥಗಳ ಪಟ್ಟಿಯನ್ನೇ ಓದಬೇಕು.

ಈಗ ದುಡ್ಡಿನ ಲೆಕ್ಕ. ಪ್ಯಾಕೆಟ್ ಮೇಲೆ ಎಂಆರ್‌ಪಿ ಪಕ್ಕ ಯೂನಿಟ್ ಸೇಲ್ ಪ್ರೈಸ್ ಅಂತ ಇರುತ್ತಲ್ಲ, ಮೊದಲನೆಯದಕ್ಕೆ ಗ್ರಾಂಗೆ 90 ಪೈಸೆ, ಎರಡನೆಯದಕ್ಕೆ 78 ಪೈಸೆ. ಎರಡನೆಯದೇ ಅಗ್ಗ ಅನ್ಸುತ್ತೆ. ತಟ್ಟೆಗೆ ಬಂದ 100 ಗ್ರಾಂ ಬೆಂದ ಸಿಗಡಿಗೆ ಲೆಕ್ಕ ಹಾಕಿ: ಮೊದಲನೆಯದು 125 ರೂಪಾಯಿ, ಎರಡನೆಯದು ಸುಮಾರು 142. ಅಗ್ಗದ್ದೇ ದುಬಾರಿ ಆಯ್ತು. ಒಂದೊಂದೇ ಪ್ಯಾಕೆಟ್‌ನ ಲೆಕ್ಕ ಇದು, ಸಿಗಡಿ ಸೈಜ್ ಮತ್ತು ಬೇಯಿಸುವ ಹೊತ್ತಿನ ಮೇಲೆ ಹೆಚ್ಚುಕಮ್ಮಿ ಆಗುತ್ತೆ.

ಚಿಕನ್‌ನಲ್ಲಿ ಹೊರಗಿನ ಐಸ್‌ಗಿಂತ ಒಳಗಿನ ನೀರಿನದ್ದೇ ಕತೆ. ಉಪ್ಪು-ಫಾಸ್ಫೇಟ್ ನೀರನ್ನ ಸೂಜಿಗಳಿಂದ ಚುಚ್ಚಿ ಹಾಕ್ತಾರೆ, ಅಥವಾ ತಿರುಗುವ ಡ್ರಮ್‌ನಲ್ಲಿ ಮಾಂಸಕ್ಕೆ ಹೀರಿಸ್ತಾರೆ. ಇಲ್ಲೂ ಪಟ್ಟಿ ನೋಡಿ. ಯಾವುದು ಜಾಸ್ತಿಯೋ ಅದು ಮೊದಲು ಬರಬೇಕು ಅನ್ನೋದು ನಿಯಮ. ಚಿಕನ್ ಆದ ತಕ್ಷಣ ನೀರು ಅಂತಿದ್ರೆ ಅರ್ಥ ಆಯ್ತಲ್ವಾ? ಇನ್ನೊಂದು ಸುಳಿವು ಸೋಡಿಯಂ. ಏನೂ ಸೇರಿಸದ ಕೋಳಿ ಮಾಂಸದಲ್ಲಿ 100 ಗ್ರಾಂಗೆ ಸುಮಾರು 50ರಿಂದ 80 ಮಿಲಿಗ್ರಾಂ ಇರುತ್ತೆ. ಬರೀ ಹಸಿ ಚಿಕನ್ ಪ್ಯಾಕೆಟ್‌ನ ಪೋಷಕಾಂಶ ಪಟ್ಟಿಯಲ್ಲಿ 300 ಅಂತಿದ್ರೆ ಉಪ್ಪುನೀರು ಒಳಗೆ ಹೋಗಿದೆ. ಸಿಗಡಿಗೆ ಈ ಸುಳಿವು ಬೇಡ, ಅದರಲ್ಲಿ ಉಪ್ಪು ಮೊದಲೇ ಇರುತ್ತೆ. ಇನ್ನು ಕರಗಿದ ಚಿಕನ್ ಕವರ್‌ನಲ್ಲಿ ಸ್ವಲ್ಪ ಗುಲಾಬಿ ನೀರು ಕಂಡ್ರೆ ಗಾಬರಿ ಬೇಡ, ಫ್ರೀಜ್ ಆದ ಮಾಂಸ ಅಷ್ಟು ರಸ ಬಿಟ್ಟೇ ಬಿಡುತ್ತೆ.

ಐಸ್ ತೆಗೆದ ಮೇಲೆ 500 ಗ್ರಾಂ ಬದಲು 420 ಬಂತು ಅಂತಿಟ್ಕೊಳ್ಳಿ. ಆಗ ಬಿಲ್ ಮತ್ತು ಕವರ್ ಎಸೀಬೇಡಿ. ಆಗಿದ್ರೆ ಅದೇ ಬ್ಯಾಚ್‌ನ ಒಡೆಯದ ಇನ್ನೊಂದು ಪ್ಯಾಕೆಟ್ ಫ್ರೀಜರ್‌ನಲ್ಲೇ ಇಡಿ, ಒಡೆದ ಪ್ಯಾಕೆಟ್‌ನಿಂದ ಏನೂ ಸಾಬೀತು ಮಾಡೋಕೆ ಆಗಲ್ಲ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ತೂಕದ ವಿಚಾರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆ ಇದೆ.

ಮುಂದಿನ ಭಾನುವಾರ ಅದೇ ಫ್ರೆಂಡ್ಸ್‌ನ ಮತ್ತೆ ಕರೆದೆ. ದಪ್ಪ ಐಸ್‌ನ ಪ್ಯಾಕೆಟ್, ಚೆನ್ನಾಗಿ ಕರಗಿಸಿ, ಒರೆಸಿ ಹಾಕಿದೆ. ಈ ಸಲ ಮಸಾಲೆ ಸಿಗಡಿಗೇ ಅಂಟಿತ್ತು. ಅಮ್ಮನಿಗೆ ಫೋಟೋ ಕಳಿಸಿದೆ. "ಈಗ ಸಿಗಡಿ ಕಾಣ್ತಿದೆ ನೋಡು" ಅಂದ್ರು. ಮುಂದಿನ ಸಂಚಿಕೆಯಲ್ಲಿ ಸಿಗೋಣ.