ಪಿಲ್ಸ್ ನಿಲ್ಲಿಸಿದ ಮೇಲೆ ಕೂದಲು ಉದುರ್ತಿದ್ಯಾ? ಮೊದಲು ಕ್ಯಾಲೆಂಡರ್ ತೆಗೀರಿ

ನಾನು ಬಿ.ಕಾಂ ಓದಿದವಳು, ಡಾಕ್ಟರ್ ಅಲ್ಲ. ಆದ್ರೆ ಇವತ್ತಿನ ವಿಷಯದಲ್ಲಿ ಒಂಚೂರು ತಾರೀಕಿನ ಲೆಕ್ಕ ಇದೆ, ಅದನ್ನ ನಾವೇ ಹಾಕ್ಕೋಬಹುದು.

ಒಂದು ಉದಾಹರಣೆ ತಗೊಳ್ಳೋಣ. ಒಬ್ಬರು ಮೂರು ವರ್ಷ ತಗೊಂಡ ಗರ್ಭನಿರೋಧಕ ಮಾತ್ರೆಯನ್ನ ಜನವರಿಯಲ್ಲಿ ನಿಲ್ಲಿಸಿದ್ರು. ಮಾರ್ಚ್‌ನಲ್ಲಿ ಎಣ್ಣೆ ಬದಲಾಯಿಸಿದ್ರು. ಏಪ್ರಿಲ್‌ನಲ್ಲಿ ಬಾಚಣಿಗೆ ತುಂಬಾ ಕೂದಲು. ಬೈಗುಳ ಯಾರಿಗೆ? ಎಣ್ಣೆಗೆ! ಆದ್ರೆ ನಿಜವಾದ ಕಾರಣ ಜನವರಿಯಲ್ಲೇ ಇರೋ ಸಾಧ್ಯತೆ ಹೆಚ್ಚು.

ಯಾಕೆ ಅಂದ್ರೆ, ಮಾತ್ರೆಯಲ್ಲಿರೋ ಈಸ್ಟ್ರೋಜೆನ್ ಕೂದಲನ್ನ ಬೆಳೆಯೋ ಹಂತದಲ್ಲೇ ಹೆಚ್ಚು ದಿನ ಹಿಡಿದಿಡುತ್ತೆ. ಅದು ನಿಂತಾಗ ತುಂಬಾ ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತೆ. ಆ ವಿಶ್ರಾಂತಿ ಎರಡು-ಮೂರು ತಿಂಗಳು, ಆಮೇಲೆ ಉದುರುತ್ತೆ. ಇದಕ್ಕೆ ಟೆಲೋಜೆನ್ ಎಫ್ಲುವಿಯಮ್ ಅಂತಾರೆ. ಬಾಣಂತಿಯರಿಗೆ ಕೂದಲು ಉದುರೋದೂ ಹೀಗೇ. ಉದುರಿದ ಕೂದಲ ತುದಿಯಲ್ಲಿ ಬಿಳಿ ಗಂಟು ಕಂಡ್ರೆ ಬೇರೇ ಕಿತ್ತು ಬಂತು ಅಂತ ಗಾಬರಿ ಬೇಡ. ಬೇರು ಒಳಗೇ ಇರುತ್ತೆ, ಹೊಸ ಕೂದಲು ಹುಟ್ಟುತ್ತೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರೋದು ಕಡಿಮೆ ಆಗುತ್ತೆ. ಆದ್ರೆ ಕೂದಲು ಬೆಳೆಯೋದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಹಾಗಾಗಿ ಜಡೆ ಮೊದಲಿನಷ್ಟು ದಪ್ಪ ಆಗೋಕೆ ವರ್ಷವೇ ಬೇಕಾಗಬಹುದು.

ಮಾತ್ರೆ ಶುರು ಮಾಡಿದ ಮೇಲೂ ಕೆಲವರಿಗೆ ಉದುರುತ್ತೆ. ಲೆವೊನೋರ್ಜೆಸ್ಟ್ರೆಲ್‌ನಂಥ ಕೆಲವು ಪ್ರೊಜೆಸ್ಟಿನ್‌ಗಳಿಗೆ ಪುರುಷ ಹಾರ್ಮೋನಿನ ಗುಣ ಸ್ವಲ್ಪ ಇದೆ. ಸರ್ಕಾರಿ ಮಾಲಾ-ಎನ್‌ನಲ್ಲಿರೋದೂ ಅದೇ. ಎಲ್ಲರಿಗೂ ತೊಂದರೆ ಆಗಲ್ಲ. ಆದ್ರೆ ಮನೆತನದಲ್ಲೇ ಕೂದಲು ತೆಳುವಾಗೋ ಗುಣ ಇದ್ರೆ ಡಾಕ್ಟರ್‌ಗೆ ಹೇಳಿ, ಬೇರೆ ಮಾತ್ರೆ ಕೊಡಬಹುದು. ನೀವಾಗೇ ನಿಲ್ಲಿಸಬೇಡಿ, ಗರ್ಭ ನಿಂತುಬಿಡಬಹುದು.

ಹಾಗಾದ್ರೆ ಡಾಕ್ಟರ್ ಹತ್ರ ಯಾವಾಗ ಹೋಗಬೇಕು? ಆರು ತಿಂಗಳಾದ್ರೂ ಉದುರೋದು ನಿಲ್ಲದಿದ್ರೆ. ನಮ್ಮ ಉದಾಹರಣೆಯಲ್ಲಿ ಅದು ಅಕ್ಟೋಬರ್. ಈ ಕೆಳಗಿನವು ಇದ್ರೆ ಅಲ್ಲಿವರೆಗೂ ಕಾಯಬೇಡಿ: ಬೈತಲೆ ಅಗಲ ಆಗ್ತಾ ಹೋಗೋದು, ನಾಣ್ಯದ ಹಾಗೆ ದುಂಡಗೆ ಬೋಳಾಗೋದು, ನೆತ್ತಿಯಲ್ಲಿ ನೋವು, ಉರಿ, ಕೀವು.

ಇನ್ನೊಂದು ಮುಖ್ಯ ವಿಷಯ. ಮಾತ್ರೆ ಪಿಸಿಒಎಸ್‌ನ ಲಕ್ಷಣಗಳನ್ನ ಮುಚ್ಚಿಡುತ್ತೆ. ನಿಲ್ಲಿಸಿ ಮೂರು ತಿಂಗಳಾದ್ರೂ ಮುಟ್ಟು ಬರದಿದ್ರೆ ಮೊದಲು ಪ್ರೆಗ್ನೆನ್ಸಿ ಟೆಸ್ಟ್ ಮಾಡಿ, ಆಮೇಲೆ ಡಾಕ್ಟರ್‌ನ ನೋಡಿ. ಮೊಡವೆ, ಗಲ್ಲದ ಮೇಲೆ ಕೂದಲು ಬಂದ್ರೂ ತೋರಿಸಿ. ಕೆಲವರಿಗೆ ಮಾತ್ರೆ ನಿಂತ ಮೇಲೆ ಮುಟ್ಟಿನ ರಕ್ತಸ್ರಾವ ಜಾಸ್ತಿ ಆಗಿ ಕಬ್ಬಿಣದಂಶ ಇಳಿದಿರುತ್ತೆ. ಹಾಗಾಗಿ ರಕ್ತದ ಎಣಿಕೆ, ಫೆರಿಟಿನ್, ಥೈರಾಯ್ಡ್ ಪರೀಕ್ಷೆ ಬರೀತಾರೆ. ಬಯೋಟಿನ್ ಗುಳಿಗೆ ತಗೊಳ್ತಿದ್ರೆ ಮೊದಲೇ ಹೇಳಿ, ಅದು ಥೈರಾಯ್ಡ್ ರಿಪೋರ್ಟ್ ತಪ್ಪಾಗಿ ಬರೋ ಹಾಗೆ ಮಾಡಬಹುದು.

ಹೋಗುವಾಗ ಒಂದು ಚೀಟಿ ಇಟ್ಕೊಳ್ಳಿ: ಮಾತ್ರೆಯ ಹೆಸರು, ಶುರು ಮಾಡಿದ್ದು, ನಿಲ್ಲಿಸಿದ್ದು, ಉದುರೋಕೆ ಶುರುವಾಗಿದ್ದು. ಈ ನಾಲ್ಕು ಸಾಲು ಇದ್ರೆ ಡಾಕ್ಟರ್ ಕೇಳೋ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಿದ ಹಾಗೇ. ಮುಂದಿನ ವಾರ ಸಿಗೋಣ.