ಬಡ್ಡಿ ಏರಿದರೂ ಕಂತು ಏರಬಾರದು: ಸ್ವಾಪ್ ಹೇಗೆ ಕೆಲಸ ಮಾಡುತ್ತೆ?

ಹೋಮ್ ಲೋನ್ ಇರೋರಿಗೆ 2022 ಚೆನ್ನಾಗಿ ನೆನಪಿರುತ್ತೆ. ಆ ವರ್ಷ ಮೇ ತಿಂಗಳವರೆಗೆ ರಿಸರ್ವ್ ಬ್ಯಾಂಕಿನ ರೆಪೋ ದರ ಶೇ. 4 ಇತ್ತು. 2023ರ ಫೆಬ್ರವರಿ ಹೊತ್ತಿಗೆ ಅದು ಶೇ. 6.5 ಆಗಿತ್ತು. ಹತ್ತು ತಿಂಗಳೂ ಆಗಿರಲಿಲ್ಲ, ಎರಡೂವರೆ ಪರ್ಸೆಂಟ್ ಏರಿಕೆ. ನಮ್ಮ ಇಎಂಐಗೆ ಬಿದ್ದ ಪೆಟ್ಟೇ ಅಷ್ಟಾದರೆ, ನೂರು ಕೋಟಿ ಸಾಲ ಇರುವ ಕಂಪನಿ ಕಥೆ ಏನು? ಅಂಥ ಕಂಪನಿ ಕೈಯಲ್ಲಿ ಇರುವ ಒಂದು ಉಪಾಯವೇ ಇಂಟರೆಸ್ಟ್ ರೇಟ್ ಸ್ವಾಪ್.

ಒಂದು ಕಂಪನಿಯನ್ನ ಕಲ್ಪನೆ ಮಾಡ್ಕೊಳ್ಳೋಣ. ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಫ್ಯಾಕ್ಟರಿ. 2022ರ ಆರಂಭದಲ್ಲಿ ಐದು ವರ್ಷಕ್ಕೆ 100 ಕೋಟಿ ಸಾಲ ತಗೊಂಡಿದೆ. ಬಡ್ಡಿ ಎಷ್ಟು? ರೆಪೋ ದರ, ಅದರ ಮೇಲೆ ಶೇ. 3. ಅಂದ್ರೆ ಸದ್ಯಕ್ಕೆ ಶೇ. 7. ಆದರೆ ರೆಪೋ ಏರಿದ ಹಾಗೆ ಇದೂ ಏರುತ್ತೆ. ಇದು ಫ್ಲೋಟಿಂಗ್ ಬಡ್ಡಿ.

ಈಗ ಕಂಪನಿ ಇನ್ನೊಂದು ಬ್ಯಾಂಕಿನ ಜೊತೆ ಬೇರೆಯದೇ ಒಪ್ಪಂದ ಮಾಡ್ಕೊಳ್ಳುತ್ತೆ. ‘ನಾನು ನಿಮಗೆ ಐದು ವರ್ಷ ಶೇ. 5.5ರಂತೆ ಕೊಡ್ತೀನಿ, ನೀವು ನನಗೆ ಮೈಬೋರ್ ದರದಂತೆ ಕೊಡಿ.’ ಮೈಬೋರ್ ಅಂದ್ರೆ ಮುಂಬೈ ಮಾರುಕಟ್ಟೆಯಲ್ಲಿ ಬ್ಯಾಂಕುಗಳು ಒಂದು ರಾತ್ರಿಗೆ ಪರಸ್ಪರ ಸಾಲ ಕೊಡುವ ದರ. ಅದು ಸಾಮಾನ್ಯವಾಗಿ ರೆಪೋ ಆಸುಪಾಸಿನಲ್ಲೇ ಓಡಾಡುತ್ತೆ. ಲೆಕ್ಕ ಸುಲಭ ಆಗಲಿ ಅಂತ ಎರಡೂ ಒಂದೇ ಅಂದ್ಕೊಳ್ಳೋಣ. ಆ 5.5 ಕೂಡ ಉದಾಹರಣೆಗೆ ನಾನು ಇಟ್ಟ ಅಂಕಿ.

ತುಂಬಾ ಜನ ಎಡವೋದು ಇಲ್ಲೇ. ಸ್ವಾಪ್‌ನಲ್ಲಿ ನೂರು ಕೋಟಿ ಯಾರ ಕೈಯಿಂದ ಯಾರ ಕೈಗೂ ಹೋಗಲ್ಲ. ಅದು ಬಡ್ಡಿ ಲೆಕ್ಕ ಹಾಕೋಕೆ ಕಾಗದದ ಮೇಲೆ ಇರುವ ಮೊತ್ತ ಅಷ್ಟೇ. ಆರು ತಿಂಗಳಿಗೊಮ್ಮೆ ಎರಡು ಬಡ್ಡಿಗಳ ವ್ಯತ್ಯಾಸವನ್ನ ಮಾತ್ರ ಕೊಟ್ಟು ತೀರಿಸ್ತಾರೆ. ಹಳೇ ಸಾಲ ಹಾಗೇ ಇರುತ್ತೆ, ಆ ಬಡ್ಡಿ ಆ ಬ್ಯಾಂಕಿಗೆ ಕಟ್ಟಲೇಬೇಕು.

ರೆಪೋ 4 ಇದ್ದಾಗ ಕಂಪನಿಗೆ ಸ್ವಾಪ್‌ನಿಂದ ಬರಬೇಕಾದ್ದು 4, ಕೊಡಬೇಕಾದ್ದು 5.5. ಆರು ತಿಂಗಳಿಗೆ 75 ಲಕ್ಷ ಕೈಯಿಂದ ಹೋಗುತ್ತೆ. ಸಾಲದ 7ಕ್ಕೆ ಈ 1.5 ಸೇರಿಸಿದರೆ ಒಟ್ಟು 8.5. ರೆಪೋ 6.5 ಆದಾಗ ಸಾಲದ ಬಡ್ಡಿ 9.5 ಆಗುತ್ತೆ, ಆದರೆ ಸ್ವಾಪ್‌ನಿಂದ 1 ಪರ್ಸೆಂಟ್, ಅಂದ್ರೆ ಆರು ತಿಂಗಳಿಗೆ 50 ಲಕ್ಷ ವಾಪಸ್ ಬರುತ್ತೆ. ಒಟ್ಟು ಮತ್ತೆ 8.5. ರೆಪೋ ಎಲ್ಲಿಗೇ ಹೋಗಲಿ, ಕಂಪನಿಗೆ 8.5.

‘ಶುರುವಿನಲ್ಲೇ 75 ಲಕ್ಷ ದಂಡ ಯಾಕೆ?’ ಅಂತ ಮಾಲೀಕರು ಫೈನಾನ್ಸ್ ಮ್ಯಾನೇಜರ್‌ನ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಆ 5.5 ಅನ್ನೋದು ಬ್ಯಾಂಕಿನ ಮನಸ್ಸಿಗೆ ಬಂದ ಅಂಕಿ ಅಲ್ಲ. ಮುಂದಿನ ಐದು ವರ್ಷದಲ್ಲಿ ದರ ಹೆಚ್ಚುಕಮ್ಮಿ ಎಷ್ಟಿರಬಹುದು ಅಂತ ಮಾರುಕಟ್ಟೆ ಹಾಕಿದ ಅಂದಾಜು ಅದರೊಳಗೇ ಇದೆ, ಜೊತೆಗೆ ಬ್ಯಾಂಕಿನ ಲಾಭವೂ ಸ್ವಲ್ಪ. ಹಾಗಾಗಿ ಸ್ವಾಪ್‌ನಿಂದ ಬಡ್ಡಿ ಕಮ್ಮಿ ಆಗುತ್ತೆ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ. ಕಂಪನಿ ಕೊಂಡ್ಕೊಳ್ಳೋದು ಕಮ್ಮಿ ಬಡ್ಡಿ ಅಲ್ಲ, ಬದಲಾಗದ ಬಡ್ಡಿ.

ಇನ್ನೊಂದು ಸೂಕ್ಷ್ಮ ಇದೆ. ಸಾಲ ರೆಪೋಗೆ ಜೋಡಣೆಯಾಗಿರದೆ, ಬ್ಯಾಂಕಿನ ಸ್ವಂತ ಎಂಸಿಎಲ್ಆರ್ ದರಕ್ಕೆ ಜೋಡಣೆಯಾಗಿದ್ದರೆ? ಮೈಬೋರ್ ಇಳಿದು, ಎಂಸಿಎಲ್ಆರ್ ನಿಧಾನವಾಗಿ ಇಳಿದರೆ, ಸ್ವಾಪ್‌ನಿಂದ ಬರುವ ಹಣ ತಕ್ಷಣ ಕಮ್ಮಿ ಆಗುತ್ತೆ, ಸಾಲದ ಬಡ್ಡಿ ಮಾತ್ರ ಅಲ್ಲೇ ನಿಂತಿರುತ್ತೆ. ಆ 8.5 ಆಗ 8.5 ಆಗಿ ಉಳಿಯಲ್ಲ. ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟು, ಬಡ್ಡಿ ಯಾವ ದರಕ್ಕೆ ಜೋಡಣೆ, ಯಾವ ದಿನ ಬದಲಾಗುತ್ತೆ ಅಂತ ನೋಡಿದರೆ ಇದು ಗೊತ್ತಾಗುತ್ತೆ.

ನಿಜವಾದ ನೋವು ಇರೋದು ಮಧ್ಯದಲ್ಲಿ ಹೊರಬರುವಾಗ. ಎರಡು ವರ್ಷ ಆದ ಮೇಲೆ ಕಂಪನಿ ಸಾಲ ತೀರಿಸಿಬಿಡ್ತು ಅಂದ್ಕೊಳ್ಳಿ. ಸಾಲ ಮುಗೀತು, ಸ್ವಾಪ್ ಮುಗಿದಿಲ್ಲ, ಅದು ಬೇರೆ ಒಪ್ಪಂದ ಅಲ್ವಾ? ಆ ದಿನ ಮೂರು ವರ್ಷದ ಹೊಸ ಸ್ವಾಪ್ 4.5ಕ್ಕೆ ಸಿಗ್ತಿದ್ದರೆ, ನಮ್ಮ ಕಂಪನಿ ವರ್ಷಕ್ಕೆ 1 ಕೋಟಿ ಜಾಸ್ತಿ ಕೊಡೋಕೆ ಮಾತು ಕೊಟ್ಟ ಹಾಗೆ. ಮೂರು ವರ್ಷಕ್ಕೆ 3 ಕೋಟಿ. ಮುಂದೆ ಕೊಡಬೇಕಾದ್ದನ್ನ ಇವತ್ತೇ ಕೊಡೋದರಿಂದ ಅದಕ್ಕಿಂತ ಸ್ವಲ್ಪ ಕಮ್ಮಿ ಕಟ್ಟಿ ಹೊರಬರಬೇಕು. ದರ ಏರಿದ್ದರೆ ಉಲ್ಟಾ, ಕಂಪನಿಗೇ ದುಡ್ಡು ಬರುತ್ತೆ.

ಬ್ರಿಟನ್‌ನಲ್ಲಿ ಇದೇ ದೊಡ್ಡ ಗಲಾಟೆ ಆಯ್ತು. ಅಲ್ಲಿನ ಬ್ಯಾಂಕುಗಳು ಸಣ್ಣ ಹೋಟೆಲ್, ಅಂಗಡಿಗಳಂಥ ವ್ಯವಹಾರಗಳಿಗೆ ಸಾಲದ ಜೊತೆ ಸ್ವಾಪ್‌ಗಳನ್ನೂ ಮಾರಿದ್ದವು. 2008ರ ಅಕ್ಟೋಬರ್ ಆರಂಭದಲ್ಲಿ ಶೇ. 5 ಇದ್ದ ಬ್ಯಾಂಕ್ ಆಫ್ ಇಂಗ್ಲೆಂಡ್ ದರ 2009ರ ಮಾರ್ಚ್‌ಗೆ 0.5ಕ್ಕೆ ಬಿತ್ತು. ವ್ಯಾಪಾರ ಕುಸಿದಿದ್ದ ಹೊತ್ತಲ್ಲೇ ಅವರು ಹಳೇ ಫಿಕ್ಸೆಡ್ ದರ ಕಟ್ಟಬೇಕಾಯ್ತು. ಬಿಡಿಸ್ಕೊಳ್ಳೋಣ ಅಂದರೆ ಭಾರೀ ಮೊತ್ತ ಕೇಳಿದರು. 2012ರಲ್ಲಿ ಅಲ್ಲಿನ ಹಣಕಾಸು ನಿಯಂತ್ರಣ ಸಂಸ್ಥೆ, ಮಾರಾಟದಲ್ಲಿ ಗಂಭೀರ ಲೋಪಗಳಿದ್ದವು ಅಂತ ಹೇಳಿತು. ಹೊರಬರುವ ಖರ್ಚನ್ನ ಸರಿಯಾಗಿ ತಿಳಿಸದೇ ಇದ್ದದ್ದು ಅದರಲ್ಲಿ ಒಂದು. ಕೊನೆಗೆ ಬ್ಯಾಂಕುಗಳು ಪರಿಹಾರವಾಗಿ ಕೊಟ್ಟದ್ದು ಸುಮಾರು 220 ಕೋಟಿ ಪೌಂಡ್.